ಅತ್ತೆಯ ಐದಿಂಚಿನ ಕೇಕ್

ನಮ್ಮತ್ತೆ ಕೇಕ್ ಮಾಡೋದನ್ನು ಕಲಿತಿದ್ದು ಕುಕ್ಕರ್‌ನಲ್ಲಿ. ಹಾಸನದ ಹಳೇ ಮನೆಯಲ್ಲಿ ಒಂದು ಸವೆದ ಕುಕ್ಕರ್ ಅದಕ್ಕೇ ಮೀಸಲಾಗಿತ್ತಂತೆ. ಗ್ಯಾಸ್ಕೆಟ್ ಇಲ್ಲ, ವಿಷಲ್ ಇಲ್ಲ, ತಳದಲ್ಲಿ ಎರಡು ಬೆರಳು ಮರಳು. ಮರಳು ಹತ್ತು ನಿಮಿಷ ಕಾದ ಮೇಲೆ ಅದರ ಮೇಲೊಂದು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಕೇಕಿನ ಡಬ್ಬಿ, ಆಮೇಲೆ ಮುಕ್ಕಾಲು ಗಂಟೆ ಸಣ್ಣ ಉರಿ. ನನ್ನ ಗಂಡನ ಹತ್ತು ಹುಟ್ಟುಹಬ್ಬಗಳಾದರೂ ಆ ಕುಕ್ಕರಿನಲ್ಲೇ ಆಗಿವೆ.

ಕಳೆದ ವರ್ಷ ಅವರು ಬೆಂಗಳೂರಿಗೆ ನಮ್ಮ ಜೊತೆ ಇರೋಕೆ ಬಂದರು. ಬಂದ ಮೇಲೆ ಎರಡು ಸಲ ಒಲೆ ಆರಿಸೋದು ಮರೆತರು. ಒಂದು ಸಲ ಬೇಳೆ ಸೀದಿತ್ತು, ಇನ್ನೊಂದು ಸಲ ಖಾಲಿ ಬಾಣಲೆ ಕೆಂಪಾಗಿತ್ತು. ಎರಡನೇ ಸಲ ಆದಮೇಲೆ ನನ್ನ ಗಂಡ, "ಅಮ್ಮಾ, ನಾವು ಆಫೀಸಿಗೆ ಹೋದಾಗ ಗ್ಯಾಸ್ ಹಚ್ಚಬೇಡ" ಅಂದರು. ಬೆಳಿಗ್ಗೆ ಹೊರಡುವಾಗ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ ಹೋಗೋದು ಶುರುವಾಯಿತು. ಅತ್ತೆ ಎದುರು ಮಾತಾಡಲಿಲ್ಲ. ಆದರೆ ಐವತ್ತು ವರ್ಷ ಅಡುಗೆಮನೆ ಆಳಿದ ಹೆಂಗಸು ಮಧ್ಯಾಹ್ನ ಹಾಟ್‌ಬಾಕ್ಸ್ ತೆಗೆದು ಊಟ ಬಡಿಸಿಕೊಂಡು, ಸಂಜೆ ನಾವು ಬರೋವರೆಗೂ ಟಿವಿ ಮುಂದೆ ಕೂತಿರೋದು ನೋಡೋಕೆ ಹಿಂಸೆಯಾಗುತ್ತಿತ್ತು. "ನಾನೇನು ಅತಿಥೀನಾ?" ಅಂತ ಒಂದು ದಿನ ಕೇಳಿಯೇಬಿಟ್ಟರು.

ಮನೆಯಲ್ಲಿ ಏರ್ ಫ್ರೈಯರ್ ಇತ್ತು, ನಾಲ್ಕು ಲೀಟರಿನದು. ಆಲೂಗಡ್ಡೆ, ಹಪ್ಪಳ ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇರಲಿಲ್ಲ. ಅದರಲ್ಲಿ ಒಂದು ಗುಣ ನಮಗೆ ಬೇಕಾದದ್ದೇ ಆಗಿತ್ತು: ಇಟ್ಟಷ್ಟು ನಿಮಿಷ ಮುಗಿದರೆ ಟಿಣ್ ಅಂತ ತಾನಾಗೇ ನಿಲ್ಲುತ್ತೆ. ಮರೆತರೆ ಕೇಕ್ ಅರೆಬೆಂದಿರಬಹುದು, ಅಷ್ಟೇ. ಅತ್ತೆಗೆ ಹೇಳಿದೆ, ಅವರು ಅದನ್ನು ಒಮ್ಮೆ ಅನುಮಾನದಿಂದ ನೋಡಿ, "ಇದರಲ್ಲಿ ಕೇಕ್ ಆಗುತ್ತಾ?" ಅಂದರು.

ಮೊದಲ ಪ್ರಯತ್ನ ಮೆಷಿನ್ ಜೊತೆ ಬಂದ ಪುಸ್ತಕದ ಪ್ರಕಾರ ನಡೆಯಿತು. ಅದರಲ್ಲಿ 180 ಡಿಗ್ರಿ, 25 ನಿಮಿಷ ಅಂತಿತ್ತು. ಡಬ್ಬಿ ಎಷ್ಟು ದೊಡ್ಡದಿರಬೇಕು, ಹಿಟ್ಟು ಎಷ್ಟು ಎತ್ತರ ಇರಬೇಕು ಅನ್ನೋ ಬಗ್ಗೆ ಒಂದಕ್ಷರವೂ ಇರಲಿಲ್ಲ. ಹದಿನೈದನೇ ನಿಮಿಷಕ್ಕೇ ಘಮದ ಬದಲು ಸೀದ ವಾಸನೆ. ತೆಗೆದು ನೋಡಿದರೆ ಮೇಲ್ಭಾಗ ಕಾಫಿಪುಡಿ ಬಣ್ಣ, ನಡುವೆ ಒಡೆದು ಸಣ್ಣದೊಂದು ಜ್ವಾಲಾಮುಖಿಯ ಹಾಗೆ ಎದ್ದಿತ್ತು. ಚಾಕು ಹಾಕಿದರೆ ಒಳಗಿಂದ ಹಸಿ ಹಿಟ್ಟು ಹರಿಯಿತು. ನಾನು ಇನ್ನು ಇದು ಬೇಡ ಅಂದುಕೊಂಡೆ. ಅತ್ತೆ ಮಾತ್ರ ಆ ಕೇಕನ್ನು ತಿರುಗಿಸಿ ತಳ ನೋಡಿದರು. ತಳ ಬೆಳ್ಳಗಿತ್ತು.

"ಮೇಲಿಂದ ಬೆಂಕಿ ಕಣೆ ಇದಕ್ಕೆ" ಅಂದರು. "ನನ್ನ ಕುಕ್ಕರ್‌ಗೆ ತಿರುಗಾಮುರುಗ."

ಆ ಒಂದು ಮಾತಿನಲ್ಲಿ ಎಲ್ಲಾ ಇದೆ. ಕುಕ್ಕರ್‌ನಲ್ಲಿ ಕಾವು ಕೆಳಗಿಂದ ನಿಧಾನಕ್ಕೆ ಬರುತ್ತೆ. ಅದಕ್ಕೇ ಅಲ್ಲಿ ತಳ ಕಪ್ಪಾಗೋ ಭಯ, ಮೇಲೆ ಮಾತ್ರ ಎಷ್ಟು ಹೊತ್ತಾದರೂ ಬಿಳಿಚಿಕೊಂಡೇ ಇರುತ್ತೆ. ಏರ್ ಫ್ರೈಯರ್‌ನಲ್ಲಿ ಕಾಯುವ ಕಾಯಿಲ್ ಇರೋದು ನೆತ್ತಿಯಲ್ಲಿ, ಅದರ ಹಿಂದೆ ಒಂದು ಫ್ಯಾನು. ಫ್ಯಾನು ಬಿಸಿಗಾಳಿಯನ್ನು ಕೆಳಗೆ ತಳ್ಳುತ್ತೆ, ಗಾಳಿ ಬುಟ್ಟಿಯ ಪಕ್ಕದಲ್ಲಿ, ತಳದಲ್ಲಿ ಸುತ್ತಿ ಮತ್ತೆ ಮೇಲಕ್ಕೆ ಹೋಗುತ್ತೆ. ಒಗೆದ ಬಟ್ಟೆ ಬರೀ ಬಿಸಿಲಿಗಿಂತ ಗಾಳಿ ಇರೋ ಬಿಸಿಲಲ್ಲಿ ಬೇಗ ಒಣಗುತ್ತಲ್ಲ, ಹಾಗೆ ಬೀಸುವ ಬಿಸಿಗಾಳಿ ಕೇಕಿನ ಮೈಯನ್ನು ಬೇಗ ಕಾಯಿಸಿ ಒಣಗಿಸುತ್ತೆ. ಆದರೆ ಕೇಕಿನ ಹೊಟ್ಟೆಯೊಳಗೆ ಗಾಳಿ ಹೋಗಲ್ಲ. ಅಲ್ಲಿಗೆ ಕಾವು ಹಿಟ್ಟಿನ ಮೂಲಕವೇ, ತನ್ನದೇ ನಿಧಾನದಲ್ಲಿ ನಡೆದು ಹೋಗಬೇಕು. ಮೇಲಿನ ಪದರ ಮೊದಲೇ ಗಟ್ಟಿಯಾದರೆ, ಆಮೇಲೆ ಉಬ್ಬುವ ಒಳಗಿನ ಹಿಟ್ಟು ಅದನ್ನು ಒಡೆದುಕೊಂಡು ಬರುತ್ತೆ. ಜ್ವಾಲಾಮುಖಿ ಹುಟ್ಟೋದು ಹೀಗೆ. ನಡುವೆ ಒಡೆದು ಚೂಪಾಗಿ ಎದ್ದ ಕೇಕ್ ಕಂಡರೆ ಉರಿ ಹೆಚ್ಚಾಯಿತು ಅಂತಲೇ ಅರ್ಥ.

ಹಾಗಾಗಿ ಓವನ್ನಿನ ರೆಸಿಪಿಯಲ್ಲಿ 180 ಅಂತಿದ್ದರೆ ಇಲ್ಲಿ 150ರಿಂದ 160 ಸಾಕು. ನಮ್ಮ ಮೆಷಿನ್‌ಗೆ 150 ಸರಿಹೋಯಿತು. ಕಮ್ಮಿ ಮಾಡಿದರೆ ಬೇಯೋದು ತಡವಾಗಲ್ವಾ ಅಂತ ಕೇಳಬಹುದು. ಸ್ವಲ್ಪ ತಡವಾಗಲಿ ಅನ್ನೋದೇ ಉದ್ದೇಶ, ಒಳಗಿನದಕ್ಕೆ ಹೊರಗಿನದರ ಜೊತೆ ಹೆಜ್ಜೆ ಹಾಕೋಕೆ ಪುರುಸೊತ್ತು ಸಿಗಬೇಕು.

ಇನ್ನು ಡಬ್ಬಿ. ಅತ್ತೆಯ ಕುಕ್ಕರ್ ಕೇಕಿನ ಡಬ್ಬಿ ಏಳಿಂಚು ಅಗಲದ್ದು, ಅದು ನಮ್ಮ ಬುಟ್ಟಿಯೊಳಗೆ ಇಳಿಯಲೇ ಇಲ್ಲ. ಮೊದಲ ದಿನ ಬಳಸಿದ್ದು ಆರಿಂಚಿನದು. ಅದು ಇಳಿಯಿತು, ಆದರೆ ಬುಟ್ಟಿಯ ಗೋಡೆಗೆ ಹೆಚ್ಚುಕಮ್ಮಿ ತಾಗಿಕೊಂಡಿತ್ತು. ಗಾಳಿ ಕೆಳಗೆ ಹೋಗೋಕೆ ದಾರಿಯೇ ಇಲ್ಲ ಅಂದರೆ ತಳ ಬೆಳ್ಳಗೆ ಉಳಿಯದೆ ಇನ್ನೇನಾಗುತ್ತೆ? ಡಬ್ಬಿಯ ಸುತ್ತಲೂ ಕನಿಷ್ಠ ಒಂದು ಬೆರಳು ದಪ್ಪ ಖಾಲಿ ಜಾಗ ಇರಬೇಕು. ಅಳೆಯುವಾಗ ಬುಟ್ಟಿಯ ಬಾಯಿ ಅಳೆಯಬೇಡಿ, ತಳ ಅಳೆಯಿರಿ. ಬಹಳಷ್ಟು ಬುಟ್ಟಿಗಳು ಕೆಳಗೆ ಹೋಗ್ತಾ ಕಿರಿದಾಗುತ್ತವೆ. ನಾಲ್ಕು ಲೀಟರಿಗೆ ಐದಿಂಚಿನ ಡಬ್ಬಿ ನಿಶ್ಚಿಂತೆ. ಎತ್ತರ ಎರಡಿಂಚು ಸಾಕು, ಇನ್ನೂ ಎತ್ತರದ್ದು ಇಟ್ಟರೆ ಉಬ್ಬಿದ ಕೇಕ್ ಕಾಯಿಲ್‌ಗೆ ಹತ್ತಿರವಾಗಿ ಬೇಗ ಕಪ್ಪಾಗುತ್ತೆ. ತೆಳು ಅಲ್ಯೂಮಿನಿಯಂ ಡಬ್ಬಿಯೇ ಒಳ್ಳೆಯದು, ಬೇಗ ಕಾಯುತ್ತೆ. ಸಿಲಿಕಾನ್ ಅಚ್ಚುಗಳು ನೋಡೋಕೆ ಚೆಂದ, ಬಿಡಿಸೋಕೆ ಸುಲಭ, ಆದರೆ ಕಾವು ಅದರ ಮೂಲಕ ನಿಧಾನವಾಗಿ ಹೋಗೋದರಿಂದ ತಳ ಒದ್ದೆಯಾಗಿ ಉಳಿಯುತ್ತೆ. ನನ್ನ ಓಟು ಅದಕ್ಕಿಲ್ಲ.

ಏಳಿಂಚಿನ ಲೆಕ್ಕ ಐದಿಂಚಿಗೆ ಇಳಿಸೋದು ಹೇಗೆ? ಏಳಕ್ಕೆ ಐದು ಅಂದರೆ ಮುಕ್ಕಾಲು ಭಾಗಕ್ಕೆ ಹತ್ತಿರ ಅಂತ ಅನ್ನಿಸುತ್ತೆ, ಆದರೆ ಡಬ್ಬಿ ತುಂಬೋದು ಅಗಲದಿಂದಲ್ಲ, ತಳದ ವಿಸ್ತಾರದಿಂದ. ಏಳೇಳಲ 49, ಐದೈದಲ 25. ಹೆಚ್ಚುಕಮ್ಮಿ ಅರ್ಧ. ಅಂದರೆ ಏಳಿಂಚಿನ ರೆಸಿಪಿಯ ಅರ್ಧ ಹಿಟ್ಟು ಐದಿಂಚಿನ ಡಬ್ಬಿಯಲ್ಲಿ ಅಷ್ಟೇ ಎತ್ತರಕ್ಕೆ ಬರುತ್ತೆ. ಡಬ್ಬಿ ಯಾವುದೇ ಇರಲಿ, ಅಗಲವನ್ನು ಅದರಿಂದಲೇ ಗುಣಿಸಿ ಹೋಲಿಸಿದರೆ ಆಯಿತು. ಅತ್ತೆ ಈ ಲೆಕ್ಕವನ್ನು ಬಾಯಲ್ಲೇ ಮಾಡಿ, "ಅರ್ಧ ಅಂತ ಮೊದಲೇ ಹೇಳಬಾರದಾ" ಅಂದರು.

ಹಿಟ್ಟು ಅರ್ಧ ಆಯಿತು ಅಂತ ಸಮಯವನ್ನೂ ಅರ್ಧ ಮಾಡೋ ಆಸೆ ಎಲ್ಲರಿಗೂ ಬರುತ್ತೆ. ಇಲ್ಲೇ ಅನೇಕ ಕೇಕುಗಳು ಹಾಳಾಗೋದು. ಬೇಯುವ ಹೊತ್ತು ಹಿಟ್ಟಿನ ತೂಕಕ್ಕಿಂತ ಅದರ ದಪ್ಪವನ್ನು ನಂಬಿಕೊಂಡಿರುತ್ತೆ. ದಪ್ಪ ಅಷ್ಟೇ ಇದ್ದರೆ ಹೊತ್ತು ಸ್ವಲ್ಪ ಮಾತ್ರ ಕಮ್ಮಿಯಾಗುತ್ತೆ. ಓವನ್ನಿನಲ್ಲಿ 35 ನಿಮಿಷ ಬೇಕಿದ್ದ ಏಳಿಂಚಿನ ಕೇಕಿನ ಅರ್ಧ ನಮ್ಮಲ್ಲಿ 30 ನಿಮಿಷ ತೆಗೆದುಕೊಳ್ಳುತ್ತೆ. ಅದೇ ಹಿಟ್ಟನ್ನು ಸಣ್ಣ ಸ್ಟೀಲ್ ಬಟ್ಟಲುಗಳಿಗೆ ಮೂರು ಮೂರು ಚಮಚ ಹಾಕಿಟ್ಟರೆ, ಎಲ್ಲಾ ಕಡೆಯಿಂದಲೂ ಕಾವು ಬೇಗ ನಡುವಿಗೆ ಮುಟ್ಟಿ, 12ರಿಂದ 14 ನಿಮಿಷಕ್ಕೆ ಮುಗಿಯುತ್ತೆ. ಬರೀ ಕಾಗದದ ಕಪ್ಪಿಗೆ ಹಾಕಿದರೆ ಮಾತ್ರ ಫ್ಯಾನಿನ ಗಾಳಿಗೆ ಅದು ವಾಲಿ ಕೇಕ್ ಸೊಟ್ಟಗಾಗುತ್ತೆ. ಬಟ್ಟಲೊಳಗೆ ಕಾಗದ ಇಟ್ಟರೆ ಆ ತಂಟೆ ಇಲ್ಲ.

ಈಗ ಅತ್ತೆ ಮಾಡುವ ಐದಿಂಚಿನ ಮೊಸರಿನ ಕೇಕ್ ಹೇಳ್ತೀನಿ, ಮೊಟ್ಟೆ ಇಲ್ಲದ್ದು. ಅರ್ಧ ಕಪ್ ಮೊಸರಿಗೆ 75 ಗ್ರಾಂ ಸಕ್ಕರೆಪುಡಿ ಹಾಕಿ ಕದಡಬೇಕು. ಮೊಸರು ಫ್ರಿಜ್ಜಿಂದ ಆಗಷ್ಟೇ ತೆಗೆದದ್ದು ಬೇಡ. ಅದಕ್ಕೆ ಕಾಲು ಚಮಚ ಅಡುಗೆ ಸೋಡಾ, ಮುಕ್ಕಾಲು ಚಮಚಕ್ಕಿಂತ ಚೂರು ಕಮ್ಮಿ ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಟ್ಟರೆ ನೊರೆನೊರೆ ಬರುತ್ತೆ. ಚಮಚ ಅಂದರೆ ಟೀ ಚಮಚ, ಮಟ್ಟವಾಗಿ, ಗೋಪುರವಾಗಿ ಅಲ್ಲ. ಆಮೇಲೆ ಕಾಲು ಕಪ್ ವಾಸನೆ ಇಲ್ಲದ ಎಣ್ಣೆ, ಅರ್ಧ ಚಮಚ ವೆನಿಲ್ಲಾ. ಕೊನೆಗೆ ಜರಡಿ ಹಿಡಿದ ಮುಕ್ಕಾಲು ಕಪ್ ಮೈದಾ, ತೂಕದಲ್ಲಿ ಸುಮಾರು 95 ಗ್ರಾಂ. ಗಂಟಿಲ್ಲದಷ್ಟು ಬೆರೆಸಿ ನಿಲ್ಲಿಸಬೇಕು, ಜಾಸ್ತಿ ತಿರುವಿದರೆ ರಬ್ಬರ್ ಆಗುತ್ತೆ. ಎಣ್ಣೆ ಸವರಿ ತಳಕ್ಕೆ ಕಾಗದ ಹಾಕಿದ ಡಬ್ಬಿಗೆ ಸುರಿದರೆ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಬರುತ್ತೆ. ಮುಕ್ಕಾಲು ದಾಟಿದರೆ ಮಿಕ್ಕದ್ದನ್ನು ಬಟ್ಟಲಿಗೆ ಹಾಕಿ, ಡಬ್ಬಿಗೆ ತುರುಕಬೇಡಿ.

ಮೆಷಿನನ್ನು 150ರಲ್ಲಿ ನಾಲ್ಕು ನಿಮಿಷ ಖಾಲಿ ಓಡಿಸಿ ಕಾಯಿಸಿಕೊಳ್ಳಬೇಕು. ಡಬ್ಬಿಯ ಮೇಲೆ ಅಲ್ಯೂಮಿನಿಯಂ ಫಾಯಿಲ್ಲನ್ನು ಸಡಿಲವಾಗಿ, ಉಬ್ಬೋಕೆ ಜಾಗ ಬಿಟ್ಟು ಮುಚ್ಚಬೇಕು. ಅಂಚನ್ನು ಮಾತ್ರ ಡಬ್ಬಿಯ ಕಂಠದ ಕೆಳಗೆ ಬಿಗಿಯಾಗಿ ಮಡಚಲೇಬೇಕು. ಸಡಿಲವಾದ ಫಾಯಿಲ್ಲು ಗಾಳಿಗೆ ಹಾರಿ ಕಾಯಿಲ್‌ಗೆ ಅಂಟುತ್ತೆ. ಇದೇ ಕಾರಣಕ್ಕೆ ಮೆಷಿನ್ ಖಾಲಿ ಕಾಯುವಾಗ ಬುಟ್ಟಿಯೊಳಗೆ ಬೇಕಿಂಗ್ ಪೇಪರ್ ಹಾಕಿಡಬಾರದು, ಮೇಲೆ ಭಾರ ಇಲ್ಲದ ಕಾಗದ ಹಾರಿ ಸುಟ್ಟುಕೊಳ್ಳುತ್ತೆ. ಫಾಯಿಲ್ ಮುಚ್ಚಿ 20 ನಿಮಿಷ. ಆಮೇಲೆ ಫಾಯಿಲ್ ತೆಗೆದು 10 ನಿಮಿಷ, ಮೇಲಿನ ಬಣ್ಣ ಬರೋದು ಈ ಹತ್ತು ನಿಮಿಷದಲ್ಲೇ. ಹೀಗೆ ಎರಡು ಕಂತು ಮಾಡಿದ್ದರಿಂದ ಅತ್ತೆಗೆ ಇನ್ನೊಂದು ಉಪಕಾರವಾಯಿತು. 20ಕ್ಕೆ ಮೆಷಿನ್ ತಾನೇ ನಿಂತು ಅವರನ್ನು ಕರೆಯುತ್ತೆ, ಅವರು ಹೋಗಿ ಗುಂಡಿ ತಿರುಗಿಸಿದರೆ ಮಾತ್ರ ಮುಂದಿನ ಹತ್ತು.

ಆ ಮೊದಲ ಇಪ್ಪತ್ತು ನಿಮಿಷ ಬುಟ್ಟಿ ಎಳೆದು ನೋಡೋ ಚಪಲ ಬೇಡ. ಓವನ್ನಿಗೆ ಗಾಜಿನ ಬಾಗಿಲಿದೆ, ಇಲ್ಲಿ ಎಳೆದ ಕೂಡಲೇ ಫ್ಯಾನು, ಕಾವು ಎರಡೂ ನಿಲ್ಲುತ್ತವೆ. ಇನ್ನೂ ಗಟ್ಟಿಯಾಗದ ಹಿಟ್ಟು ಕುಸಿದರೆ ಮತ್ತೆ ಏಳಲ್ಲ. ಬೆಂದಿದೆಯಾ ಅಂತ ನೋಡೋಕೆ ಅತ್ತೆ ಬಳಸೋದು ಇಡ್ಲಿಗೆ ಚುಚ್ಚುತ್ತಿದ್ದ ಅದೇ ತೊಳೆದಿಟ್ಟ ತೆಂಗಿನ ಕಡ್ಡಿ. ಸರಿಯಾಗಿ ನಡುವೆ, ತಳದವರೆಗೂ ಚುಚ್ಚಬೇಕು, ಅಂಚು ಯಾವಾಗಲೂ ಮೊದಲೇ ಬೆಂದಿರುತ್ತೆ. ಕಡ್ಡಿಗೆ ಹಸಿ ಹಿಟ್ಟು ಹತ್ತಿದರೆ ಮತ್ತೆ ಫಾಯಿಲ್ ಮುಚ್ಚಿ ಐದು ನಿಮಿಷ. ಒಂದೆರಡು ಒದ್ದೆ ಪುಡಿ ಹತ್ತಿದರೆ ಆಯಿತು ಅಂತ ಅರ್ಥ. ತೀರಾ ಒಣ ಕಡ್ಡಿ ಬರಲಿ ಅಂತ ಕಾದರೆ ಈ ಗಾಳಿ ಮೆಷಿನ್‌ನಲ್ಲಿ ಕೇಕ್ ರಸ್ಕ್ ಆಗುತ್ತೆ. ತೆಗೆದ ಮೇಲೆ ಹತ್ತು ನಿಮಿಷ ಡಬ್ಬಿಯಲ್ಲೇ ಬಿಟ್ಟು, ಆಮೇಲೆ ಬೋರಲು ಹಾಕಬೇಕು.

ಕೇಕ್ ಹದಕ್ಕೆ ಬಂದ ಮೇಲೆ ಅತ್ತೆಯ ಕಣ್ಣು ಖಾರ ಬಿಸ್ಕತ್ತಿನ ಮೇಲೆ ಬಿತ್ತು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ಶುರುಮಾಡಿದವರು ಹಾಸನದ ಕಡೆಯವರೇ ಅನ್ನೋ ಹೆಮ್ಮೆ ಅವರಿಗಿದೆ. ಬಿಪಿ ಇರೋದರಿಂದ ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದ ಮೇಲೆ ಬೇಕರಿಯದು ಮುಟ್ಟಿರಲಿಲ್ಲ. ಮನೆಯಲ್ಲಿ ಆದರೆ ಉಪ್ಪು ನಮ್ಮ ಕೈಯಲ್ಲಿರುತ್ತೆ.

ಒಂದು ಕಪ್ ಮೈದಾ, 60 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಒಂದು ದೊಡ್ಡ ಚಮಚ ಸಕ್ಕರೆಪುಡಿ, ಕಾಲು ಚಮಚ ಉಪ್ಪು, ಕಾಲು ಚಮಚ ಬೇಕಿಂಗ್ ಪೌಡರ್, ಸಣ್ಣಗೆ ಹೆಚ್ಚಿದ ಎರಡು ಹಸಿಮೆಣಸು, ಕರಿಬೇವು, ಕೊತ್ತಂಬರಿ. ಎಲ್ಲಾ ಸೇರಿಸಿ ಒಂದೆರಡು ದೊಡ್ಡ ಚಮಚ ಮೊಸರಿನಲ್ಲಿ ಉಂಡೆ ಕಟ್ಟಬೇಕು, ಚಪಾತಿ ಹಿಟ್ಟಿನ ಹಾಗೆ ನಾದಬಾರದು. ಅರ್ಧ ಸೆಂಟಿಮೀಟರಿಗಿಂತ ಚೂರು ದಪ್ಪ ಲಟ್ಟಿಸಿ ಸಣ್ಣ ಲೋಟದಲ್ಲಿ ಒತ್ತಿದರೆ ಹದಿನೈದರ ಹತ್ತಿರ ಆಗುತ್ತೆ. ಸೊಪ್ಪಿನ ಚೂರುಗಳನ್ನು ಹಿಟ್ಟಿನ ಒಳಗೇ ಸೇರಿಸಬೇಕು. ಮೇಲೆ ಅಂಟಿಸಿದ ಕರಿಬೇವು ಗಾಳಿಗೆ ಒಣಗಿ ಉದುರಿ ಕಪ್ಪಾಗುತ್ತೆ.

ಒತ್ತಿದ ಬಿಸ್ಕತ್ತುಗಳನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಬೇಕು. ಇಲ್ಲಿ ಬಿಸಿಗಾಳಿ ನೇರ ಮೈಮೇಲೆ ಬೀಳೋದರಿಂದ ಮೆತ್ತಗಿರೋ ಬೆಣ್ಣೆ ಮೊದಲು ಕರಗಿ ಬಿಸ್ಕತ್ತು ಹರಡಿಬಿಡುತ್ತೆ. ನಮ್ಮ ಬುಟ್ಟಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ಆರು ಹಿಡಿಯುತ್ತವೆ. ಕೆಳಗೆ ಹಾಕೋ ಕಾಗದ ಬಿಸ್ಕತ್ತುಗಳಿಗಾಗುವಷ್ಟೇ ಇರಲಿ, ಬುಟ್ಟಿಯ ಎಲ್ಲಾ ತೂತು ಮುಚ್ಚಿದರೆ ತಳ ಮೆತ್ತಗೆ ಉಳಿಯುತ್ತೆ. 150ರಲ್ಲಿ 9 ನಿಮಿಷ ಆದಮೇಲೆ ಮೆಲ್ಲಗೆ ತಿರುಗಿಸಿ ಇನ್ನು 4 ನಿಮಿಷ. ಖಾರ ಬಿಸ್ಕತ್ತು ಗಟ್ಟಿ ಜಾತಿ, ತಿರುಗಿಸಬಹುದು. ಸಿಹಿ ಬೆಣ್ಣೆ ಬಿಸ್ಕತ್ತನ್ನು ಬಿಸಿಯಲ್ಲಿ ಮುಟ್ಟಿದರೆ ಪುಡಿಯಾಗುತ್ತೆ, ಅದನ್ನು 140ಕ್ಕೆ ಇಳಿಸಿ ತಿರುಗಿಸದೇ ಸ್ವಲ್ಪ ಹೆಚ್ಚು ಹೊತ್ತು ಬಿಡೋದೇ ಉಪಾಯ. ಯಾವುದೇ ಆದರೂ ಅಂಚಿಗೆ ಹೊಂಬಣ್ಣ ಬಂದರೆ ತೆಗೆಯಬೇಕು. ಒತ್ತಿದರೆ ಆಗ ಮೆತ್ತಗೇ ಇರುತ್ತೆ, ಗರಿಗರಿಯಾಗೋದು ಆರಿದ ಮೇಲೆ.

ಎರಡನೇ ಸಲ ಆರು ಹಾಕುವಾಗ ಬುಟ್ಟಿ ಆಗಲೇ ಚೆನ್ನಾಗಿ ಕಾದಿರುತ್ತೆ, ಒಂದೂವರೆ, ಎರಡು ನಿಮಿಷ ಕಮ್ಮಿ ಇಡಬೇಕು. ಇದನ್ನು ಅತ್ತೆಯೇ ಗಮನಿಸಿದ್ದು. "ಮೊದಲನೇ ದೋಸೆಗೂ ಮೂರನೇ ದೋಸೆಗೂ ಒಂದೇ ಹೊತ್ತು ಬೇಕಾ?" ಅಂದರು. ಒಂದು ಹಿಟ್ಟಿಗೆ ಮೂರು ಸಲ ಓಡಿಸಬೇಕು ಅನ್ನೋದು ಈ ಮೆಷಿನ್ನಿನ ದೊಡ್ಡ ಬಡತನ. ಮನೆ ತುಂಬಾ ಜನ ಇದ್ದು ನಲವತ್ತು ಬಿಸ್ಕತ್ತು ಬೇಕು ಅಂದರೆ ಓವನ್ನೇ ಸರಿ. ನಾವು ಮೂವರು, ನಮಗೆ ಅವಸರವೂ ಇಲ್ಲ.

ಮೆಷಿನನ್ನು ಕಲ್ಲಿನ ಕಟ್ಟೆಯ ಮೇಲೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಟ್ಟಿದ್ದೀವಿ, ಹಿಂದಿನಿಂದ ಬರೋ ಬಿಸಿಗಾಳಿಗೆ ಜಾಗ ಬೇಕು. ಡಬ್ಬಿ ತೆಗೆಯೋಕೆ ಸೀರೆ ಸೆರಗು ಬೇಡ, ಇಕ್ಕಳ ಇಲ್ಲವೇ ದಪ್ಪ ಕೈಗವಸು ಅಂತ ನನ್ನ ಗಂಡ ಕರಾರು ಹಾಕಿದ್ದಾರೆ. ಅತ್ತೆ ಒಪ್ಪಿದ್ದಾರೆ, ಸೆರಗು ಮಾತ್ರ ಆಗಾಗ ಆ ಕಡೆ ಹೋಗುತ್ತೆ.

ಈಗ ಅವರ ಹತ್ತಿರ ಮೂರು ಡಬ್ಬಿಗಳಿವೆ. ಒಂದೊಂದರ ಮುಚ್ಚಳದ ಮೇಲೂ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿಟ್ಟುಕೊಂಡಿದ್ದಾರೆ. ಐದಿಂಚಿನದರ ಮೇಲೆ "150, 20 ಮುಚ್ಚಿ, 10 ತೆಗೆದು". ಬಟ್ಟಲುಗಳ ಡಬ್ಬಿ ಮೇಲೆ "150, 13". ಬಿಸ್ಕತ್ತಿನ ಡಬ್ಬಿಯ ಮೇಲೆ ಮೂರು ಸಾಲು, ಮೂರು ಸಲದ ಲೆಕ್ಕ. ವಾರಕ್ಕೆರಡು ದಿನ ಸಂಜೆ ನಾವು ಬರುವಾಗ ಲಿಫ್ಟ್ ಬಾಗಿಲು ತೆರೆಯುತ್ತಿದ್ದ ಹಾಗೇ ಕರಿಬೇವಿನ ಘಮ ಹೊಡೆಯುತ್ತೆ. ರೆಗ್ಯುಲೇಟರ್ ಈಗಲೂ ಬೆಳಿಗ್ಗೆ ಬಂದ್ ಆಗುತ್ತೆ, ಆ ವಿಷಯಕ್ಕೆ ಮಾತ್ರ ಅತ್ತೆ ಅವರನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಮೊನ್ನೆ ಅರಸೀಕೆರೆಯಿಂದ ಅವರ ತಂಗಿ ಫೋನ್ ಮಾಡಿದ್ದರು. ಅವರ ಮಗ ಆರು ಲೀಟರಿನ ಏರ್ ಫ್ರೈಯರ್ ಕೊಡಿಸಿದ್ದಾನಂತೆ, ಕೇಕಿಗೆ ಎಷ್ಟು ಇಡಬೇಕು ಅಂತ ಕೇಳುತ್ತಿದ್ದರು. ಅತ್ತೆ ಸೋಫಾದಲ್ಲಿ ಸರಿಯಾಗಿ ಕೂತು, ಕನ್ನಡಕ ಏರಿಸಿಕೊಂಡು ಹೇಳಿದರು: "ನನ್ನ ನಂಬರು ನಿನ್ನ ಮೆಷಿನ್‌ಗೆ ಹಂಗೇ ನಡೆಯಲ್ಲ ಕಣೆ. ನೂರೈವತ್ತರಲ್ಲೇ ಇಡು, ಆದರೆ ಐದು ನಿಮಿಷ ಮೊದಲೇ ಕಡ್ಡಿ ಚುಚ್ಚಿ ನೋಡು. ಇಲ್ಲ ಇಲ್ಲ, ಆ ಪುಸ್ತಕ ಓದಬೇಡ. ಮೊದಲು ನಿನ್ನ ಡಬ್ಬಿ ಎಷ್ಟಿಂಚು, ಅದನ್ನು ಅಳೆದು ಹೇಳು. ನಾನು ಫೋನ್ ಹಿಡ್ಕೊಂಡೇ ಇರ್ತೀನಿ."